ಅರಸು ಅವಧಿ 1980ರ ಜನವರಿ 7ಕ್ಕೆ ಮುಗಿಯಿತೇ, 12ಕ್ಕೆ ಮುಗಿಯಿತೇ?

ಪ್ರಶ್ನೆ: ಒಂದು ಸ್ಮರಣ ಸಂಚಿಕೆಗೆ ದೇವರಾಜ ಅರಸು ಅವರ ಎರಡು ಪುಟದ ಪರಿಚಯ ಬರೆಯುತ್ತಿದ್ದೇನೆ. ಮುಖ್ಯಮಂತ್ರಿಯಾಗಿ ಅವರ ಎರಡನೇ ಅವಧಿ 1980ರ ಜನವರಿ 7ಕ್ಕೆ ಮುಗಿಯಿತು ಅಂತ ಒಂದು ಕಡೆ ಇದೆ, ಇನ್ನೊಂದು ಕಡೆ 12 ಅಂತ ಇದೆ. ಪಕ್ಷ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ: ಬರೀ ಕಾಂಗ್ರೆಸ್, ಕಾಂಗ್ರೆಸ್ (ಆರ್), ಕಾಂಗ್ರೆಸ್ (ಐ), ಕಾಂಗ್ರೆಸ್ (ಯು). ಒಟ್ಟು 2792 ದಿನ ಅಧಿಕಾರದಲ್ಲಿದ್ದರು ಅಂತಲೂ ಓದಿದೆ. ಇದನ್ನೆಲ್ಲ ನಾನೇ ಪರಿಶೀಲಿಸುವುದು ಹೇಗೆ? ಕೊನೆಗೆ ಏನಂತ ಬರೆಯಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈಗ ನಿಮ್ಮ ಹತ್ತಿರ ಇರುವ ಪಟ್ಟಿಯಲ್ಲಿ "ಅವಧಿ, ಪಕ್ಷ, ಹುದ್ದೆ" ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಅವನ್ನು ಬಿಡಿಸಿ ಮೂರು ಬೇರೆ ಹಾಳೆಗಳಲ್ಲಿ ಬರೆದುಕೊಳ್ಳಿ. ಮುಖ್ಯಮಂತ್ರಿ ಕುರ್ಚಿ ಕೊಡುವುದು ರಾಜ್ಯಪಾಲರ ಆದೇಶ. ಶಾಸಕನ ಸ್ಥಾನ ಕೊಡುವುದು ಮತದಾರರು, ಅದನ್ನು ದಾಖಲಿಸುವುದು ಚುನಾವಣಾ ಆಯೋಗ. ಪಕ್ಷದ ಸದಸ್ಯತ್ವ ಮಾತ್ರ ಪಕ್ಷದ ಒಳಗಿನ ವಿಚಾರ. ಹೀಗೆ ಮೂರಕ್ಕೂ ದಾಖಲೆ ಇಡುವವರು ಬೇರೆ, ಶುರುವಾಗುವ ದಿನ ಬೇರೆ, ಮುಗಿಯುವ ದಿನ ಬೇರೆ. ನೀವು ಹೇಳಿದ ಗೊಂದಲದಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಇವನ್ನು ಒಂದೇ ಸಾಲಿಗೆ ತುರುಕಿದ್ದರಿಂದ.

ಕುರ್ಚಿಯ ಹಾಳೆಯಿಂದ ಶುರು ಮಾಡೋಣ, ತಾರೀಖಿನ ಜಗಳ ಇರುವುದು ಅಲ್ಲೇ.

ಅರಸು ಮೊದಲ ಸಲ ಮುಖ್ಯಮಂತ್ರಿಯಾಗಿದ್ದು 1972ರ ಮಾರ್ಚ್ 20ರಂದು. ಈ ತಾರೀಖಿನ ಬಗ್ಗೆ ತಕರಾರು ಇಲ್ಲ. ಯಾಕೆ ಅಂದರೆ, ಅದಕ್ಕೆ ಹಿಂದೆ ಇದ್ದದ್ದು ರಾಷ್ಟ್ರಪತಿ ಆಳ್ವಿಕೆ. ವೀರೇಂದ್ರ ಪಾಟೀಲರ ಸರ್ಕಾರ 1971ರ ಮಾರ್ಚ್ 18ಕ್ಕೆ ಹೋಯಿತು. ಮರುದಿನದಿಂದ ರಾಷ್ಟ್ರಪತಿ ಆಳ್ವಿಕೆ ಬಂತು, ಅರಸು ಪ್ರಮಾಣವಚನ ತೆಗೆದುಕೊಂಡ ದಿನ ಅದು ಮುಗಿಯಿತು. ಹಿಂದಿನ ಸಾಲಿನ ತುದಿ, ಮುಂದಿನ ಸಾಲಿನ ಮೊದಲು ಎರಡೂ ಕೂಡಿಕೊಂಡರೆ ತಾರೀಖು ಗಟ್ಟಿ ಅಂತ ತಿಳಿಯಿರಿ. ಯಾವುದೇ ಪಟ್ಟಿ ಕೈಗೆ ಬಂದರೂ ನಾನು ಮೊದಲು ನೋಡುವುದು ಈ ಸೇರುವ ಜಾಗಗಳನ್ನೇ. ನಿಮಗೆ ಬೇಕಾದ ವ್ಯಕ್ತಿಯ ಸಾಲೊಂದನ್ನೇ ಓದಬೇಡಿ, ಮೇಲಿನದನ್ನೂ ಕೆಳಗಿನದನ್ನೂ ಓದಿ.

ಮೊದಲ ಅವಧಿ ಮುಗಿದದ್ದು 1977ರ ಡಿಸೆಂಬರ್ 31ಕ್ಕೆ. ಕೇಂದ್ರದಲ್ಲಿ ಜನತಾ ಸರ್ಕಾರ ಇತ್ತು, ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಇಲ್ಲೂ ಸೇರುವ ಜಾಗ ಚೊಕ್ಕವಾಗಿದೆ. ಆದರೆ ಲೆಕ್ಕ ಹಾಕಿದರೆ ಇದು ಐದು ವರ್ಷ ಒಂಬತ್ತು ತಿಂಗಳ ಮೇಲಾಗುತ್ತದೆ. ವಿಧಾನಸಭೆಯ ಆಯಸ್ಸು ಐದು ವರ್ಷ ಅಲ್ವಾ, ಮಧ್ಯೆ ಒಂದು ಚುನಾವಣೆ ಬಿಟ್ಟುಹೋಗಿದೆಯೇ ಅಂತ ಅನುಮಾನ ಬರುವುದು ಸಹಜ. ಬಿಟ್ಟುಹೋಗಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂವಿಧಾನದ 42ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಅವಧಿಯನ್ನು ಆರು ವರ್ಷಕ್ಕೆ ಏರಿಸಿತ್ತು. 1978ರ 44ನೇ ತಿದ್ದುಪಡಿ ಅದನ್ನು ಮತ್ತೆ ಐದಕ್ಕೆ ಇಳಿಸಿತು. ಅರಸು ಅವರ ಮೊದಲ ಅವಧಿಯ ಕೊನೆ ಈ ಎರಡು ತಿದ್ದುಪಡಿಗಳ ನಡುವಿನ ಕಿಂಡಿಯಲ್ಲಿ ಬಿದ್ದಿದೆ. ಇದು ಗೊತ್ತಿಲ್ಲದವರು 1977ರ ಮಾರ್ಚ್‌ನಲ್ಲಿ ಒಂದು ಗೆರೆ ಎಳೆದು ಅವಧಿಯನ್ನು ಎರಡು ಮಾಡಿಬಿಡುತ್ತಾರೆ. ಆ ತಿಂಗಳು ನಡೆದದ್ದು ಲೋಕಸಭಾ ಚುನಾವಣೆ, ರಾಜ್ಯದ್ದಲ್ಲ.

ಇನ್ನೊಂದು ಸುಳ್ಳು ಗೆರೆ 1973ರ ನವೆಂಬರ್ 1ರದು. ಅಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ರಾಜ್ಯದ ಹೆಸರು ಬದಲಾಯಿತೇ ಹೊರತು ಮಂತ್ರಿಮಂಡಲ ಬದಲಾಗಲಿಲ್ಲ. "ಮೈಸೂರಿನ ಮುಖ್ಯಮಂತ್ರಿ 1972–73, ಕರ್ನಾಟಕದ ಮುಖ್ಯಮಂತ್ರಿ 1973–77" ಅಂತ ಎರಡು ಹುದ್ದೆ ಮಾಡಿ ಬರೆದ ಪರಿಚಯಗಳಿವೆ. ಅದು ಬೇಡ. ಹುದ್ದೆ ಒಂದೇ, ಅವಧಿ ಒಂದೇ. ಆದರೆ ದಾಖಲೆ ಹುಡುಕುವಾಗ ಈ ತಾರೀಖು ನೆನಪಿರಲಿ. ಅದಕ್ಕೆ ಮುಂಚಿನ ಸರ್ಕಾರಿ ಆದೇಶಗಳು ಮೈಸೂರು ಗೆಜೆಟ್‌ನಲ್ಲಿ ಇರುತ್ತವೆ, ಆಮೇಲಿನವು ಕರ್ನಾಟಕ ಗೆಜೆಟ್‌ನಲ್ಲಿ. ಒಂದೇ ಹೆಸರಿನಲ್ಲಿ ಹುಡುಕಿ "ಸಿಗಲಿಲ್ಲ" ಅಂತ ವಾಪಸ್ ಬಂದವರನ್ನು ನೋಡಿದ್ದೇನೆ.

ಈಗ 7 ಮತ್ತು 12ರ ಜಗಳ. ಎರಡನೇ ಅವಧಿ ಶುರುವಾಗಿದ್ದು 1978ರ ಫೆಬ್ರವರಿ 28ಕ್ಕೆ. 1980ರ ಜನವರಿ 3 ಮತ್ತು 6ರಂದು ಲೋಕಸಭಾ ಚುನಾವಣೆ ನಡೆಯಿತು. ಕರ್ನಾಟಕದ 28 ಸ್ಥಾನಗಳಲ್ಲಿ 27ನ್ನು ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ಆ ಹೊತ್ತಿಗೆ ಅರಸು ಇಂದಿರಾ ಎದುರು ಪಾಳಯದಲ್ಲಿದ್ದರು. ಅವರು ರಾಜೀನಾಮೆ ಕೊಟ್ಟರು. ಆರ್. ಗುಂಡೂರಾವ್ ಪ್ರಮಾಣವಚನ ತೆಗೆದುಕೊಂಡದ್ದು ಜನವರಿ 12ಕ್ಕೆ. ಸಾಮಾನ್ಯವಾಗಿ ಸಿಗುವ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಅರಸು ಸಾಲು 7ಕ್ಕೆ ಮುಗಿಯುತ್ತದೆ, ಗುಂಡೂರಾವ್ ಸಾಲು 12ಕ್ಕೆ ಶುರುವಾಗುತ್ತದೆ. ನಡುವೆ ತೂತು.

ಆ ದಿನಗಳಲ್ಲಿ ರಾಜ್ಯವನ್ನು ಯಾರು ನಡೆಸಿದರು? ಇದನ್ನು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ. ಒಂದೋ ಮಂತ್ರಿಮಂಡಲ ಇರಬೇಕು, ಇಲ್ಲವೇ 356ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಘೋಷಣೆ ಇರಬೇಕು. ಮೂರನೇ ದಾರಿ ಇಲ್ಲ. 1980ರ ಜನವರಿಯಲ್ಲಿ ಕರ್ನಾಟಕಕ್ಕೆ ಅಂಥ ಘೋಷಣೆ ಬಂದಿಲ್ಲ. ಅಂದಮೇಲೆ ರಾಜೀನಾಮೆ ಕೊಟ್ಟವರೇ ಮುಂದಿನವರು ಬರುವ ತನಕ ಹಂಗಾಮಿಯಾಗಿ ಇರುವುದು ರೂಢಿ. ಆದ್ದರಿಂದ 7 ಅನ್ನುವ ಪಟ್ಟಿ ರಾಜೀನಾಮೆಯನ್ನು ಲೆಕ್ಕಕ್ಕೆ ಹಿಡಿದಿದೆ. 12 ಅನ್ನುವ ಪಟ್ಟಿ ಕುರ್ಚಿ ಬಿಟ್ಟುಕೊಟ್ಟ ದಿನವನ್ನು ಹಿಡಿದಿದೆ. ಎರಡರಲ್ಲಿ ಯಾವುದೂ ಅಚ್ಚಿನ ತಪ್ಪಲ್ಲ.

ಇದು ನನ್ನ ಊಹೆ ಅಂತ ನಿಮಗೆ ಅನ್ನಿಸಿದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಇಳಿಯಿರಿ. ಗುಂಡೂರಾವ್ 1983ರ ಜನವರಿ 6ಕ್ಕೆ ಮುಗಿಯುತ್ತಾರೆ, ರಾಮಕೃಷ್ಣ ಹೆಗಡೆ 10ಕ್ಕೆ ಶುರುವಾಗುತ್ತಾರೆ. ಹೆಗಡೆ 1988ರ ಆಗಸ್ಟ್ 10ಕ್ಕೆ ಮುಗಿಯುತ್ತಾರೆ, ಎಸ್.ಆರ್. ಬೊಮ್ಮಾಯಿ 13ಕ್ಕೆ ಬರುತ್ತಾರೆ. ಎಲ್ಲ ಕಡೆಯೂ ಮೂರು, ನಾಲ್ಕು, ಐದು ದಿನದ ತೂತು, ಎಲ್ಲೂ ರಾಷ್ಟ್ರಪತಿ ಆಳ್ವಿಕೆ ಇಲ್ಲ. ಅಂದರೆ ಪಟ್ಟಿ ಮಾಡಿದವರು ಒಂದು ನಿಯಮ ಹಿಡಿದೇ ಮಾಡಿದ್ದಾರೆ, ಅದನ್ನು ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಹೆಗಡೆ ಅವರ ವಿಷಯದಲ್ಲಿ ಈ ನಿಯಮದ ಬೆಲೆ ಚೆನ್ನಾಗಿ ಕಾಣುತ್ತದೆ. ಅವರು 1984ರ ಡಿಸೆಂಬರ್ 29ಕ್ಕೆ ಬಿಟ್ಟು 1985ರ ಮಾರ್ಚ್ 8ಕ್ಕೆ ಮತ್ತೆ ಬಂದಂತೆ ಪಟ್ಟಿ ತೋರಿಸುತ್ತದೆ. ಆಗ ನಡುವೆ ಬೇರೆ ಮುಖ್ಯಮಂತ್ರಿಯೇ ಇರಲಿಲ್ಲ, ಹಂಗಾಮಿಯಾಗಿ ಅವರೇ ಇದ್ದರು. ರಾಜೀನಾಮೆಯ ನಿಯಮ ಹಿಡಿದರೆ ಎರಡು ತಿಂಗಳಿಗೂ ಜಾಸ್ತಿ ದಿನ ಲೆಕ್ಕದಿಂದ ಮಾಯವಾಗುತ್ತವೆ.

ಇದನ್ನು ಕಾಗದದಲ್ಲಿ ಗಟ್ಟಿ ಮಾಡಿಕೊಳ್ಳಬೇಕು ಅಂದರೆ ಮೂರು ಚೀಟಿ ಹುಡುಕಬೇಕು. ರಾಜೀನಾಮೆಯನ್ನು ರಾಜ್ಯಪಾಲರು ಸ್ವೀಕರಿಸಿದ ಸುದ್ದಿ, ಅದರಲ್ಲಿ "ಮುಂದಿನ ವ್ಯವಸ್ಥೆ ಆಗುವ ತನಕ ಮುಂದುವರಿಯಿರಿ" ಅನ್ನುವ ಅರ್ಥದ ಮಾತು ಇದೆಯೇ ಅಂತ ನೋಡಿ. ಹೊಸ ಮುಖ್ಯಮಂತ್ರಿಯ ನೇಮಕದ ಅಧಿಸೂಚನೆ ಎರಡನೆಯದು, ಇದು ಗೆಜೆಟ್‌ನಲ್ಲಿ ಬರುತ್ತದೆ. ನಡುವಿನ ದಿನಗಳಲ್ಲಿ 356ರ ಘೋಷಣೆ ಇಲ್ಲ ಅನ್ನುವುದು ಮೂರನೆಯದು. ಮೊದಲನೆಯದಕ್ಕೆ ಆ ವಾರದ ದಿನಪತ್ರಿಕೆ ಬೇಕೇ ಬೇಕು, ಯಾಕೆಂದರೆ ಗೆಜೆಟ್ ನೇಮಕವನ್ನು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಪತ್ರಿಕೆ ನೋಡುವಾಗ ಒಂದು ಎಚ್ಚರಿಕೆ, ಇದು ನನ್ನ ತಲೆಗೇ ಬಿದ್ದ ಏಟು. ಹಿಂದೊಮ್ಮೆ ಒಂದು ಸಂಸ್ಥೆಯ ಸಂಚಿಕೆಗೆ ಇಂಥದ್ದೇ ಕಾಲಪಟ್ಟಿ ಮಾಡಿಕೊಟ್ಟಿದ್ದೆ. ಹಳೆಯ ಪತ್ರಿಕೆಗಳ ಕತ್ತರಿಕೆ ಕಡತದಿಂದ ತಾರೀಖು ತೆಗೆದಿದ್ದೆ. ಕಡತದಲ್ಲಿ ಇದ್ದದ್ದು ಪತ್ರಿಕೆ ಅಚ್ಚಾದ ದಿನ, ನಾನು ಬರೆದದ್ದು ಘಟನೆ ನಡೆದ ದಿನ ಅಂತ. ಹನ್ನೊಂದು ತಾರೀಖುಗಳು ಒಂದೊಂದು ದಿನ ಮುಂದೆ ಹೋಗಿದ್ದವು, ಅಚ್ಚಾದ ಮೇಲೆ ಒಬ್ಬ ಓದುಗರು ಪತ್ರ ಬರೆದು ತೋರಿಸಿದರು. ಬೆಳಗಿನ ಪತ್ರಿಕೆ ಹೇಳುವುದು ನಿನ್ನೆಯ ಸುದ್ದಿ. ಡಿಸೆಂಬರ್ 31ರಂಥ ತಾರೀಖಿನಲ್ಲಿ ಈ ಒಂದು ದಿನ ಇಡೀ ಇಸವಿಯನ್ನೇ ಬದಲಿಸುತ್ತದೆ. ಸುದ್ದಿಯ ತಲೆಯಲ್ಲಿ ಊರಿನ ಹೆಸರಿನ ಪಕ್ಕ ಇರುವ ತಾರೀಖನ್ನು ನೋಡಿ, ಪುಟದ ಮೇಲಿನದನ್ನಲ್ಲ.

ಇನ್ನು ನಿಮ್ಮ 2792. ಇದನ್ನು ಕೈಲೆಕ್ಕದಲ್ಲೇ ಬಿಡಿಸಬಹುದು. 1972 ಅಧಿಕ ವರ್ಷ, ಮಾರ್ಚ್ 20ರಿಂದ ಡಿಸೆಂಬರ್ ಕೊನೆಯವರೆಗೆ 287 ದಿನ. 1973ರಿಂದ 1977ರವರೆಗೆ ಪೂರ್ತಿ ಐದು ವರ್ಷ, ಅದರಲ್ಲಿ 1976 ಅಧಿಕ ವರ್ಷ, ಒಟ್ಟು 1826. ಎರಡೂ ಸೇರಿ ಮೊದಲ ಅವಧಿ 2113. ಎರಡನೆಯದು 1978ರಲ್ಲಿ 307, 1979ರಲ್ಲಿ 365, 1980ರಲ್ಲಿ 7, ಒಟ್ಟು 679. ಕೂಡಿಸಿ, 2792 ಬಂತು. ಅಂದರೆ ಈ ಸಂಖ್ಯೆ ಮಾಡಿದವರು ಎರಡು ತೀರ್ಮಾನ ತೆಗೆದುಕೊಂಡಿದ್ದಾರೆ. ಅವಧಿಯ ಮೊದಲ ದಿನ, ಕೊನೆಯ ದಿನ ಎರಡನ್ನೂ ಎಣಿಸಿದ್ದಾರೆ, ಮತ್ತು ಕೊನೆಯನ್ನು ಜನವರಿ 7 ಅಂತ ಹಿಡಿದಿದ್ದಾರೆ. ಒಂದು ತಾರೀಖಿನಿಂದ ಇನ್ನೊಂದನ್ನು ಸುಮ್ನೆ ಕಳೆದರೆ 2790 ಬರುತ್ತದೆ, ಕಂಪ್ಯೂಟರಿನ ಲೆಕ್ಕದ ಹಾಳೆ ಕೊಡುವುದು ಇದನ್ನೇ. 12ರವರೆಗೆ ಎರಡೂ ತುದಿ ಸೇರಿಸಿ ಎಣಿಸಿದರೆ 2797. ಮೂರೂ ಸರಿ ಲೆಕ್ಕವೇ. ಆದ್ದರಿಂದ ಪರಿಚಯದಲ್ಲಿ ದಿನಗಳ ಸಂಖ್ಯೆ ಹಾಕುವುದಾದರೆ ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ಪಕ್ಕದಲ್ಲೇ ಬರೆಯಿರಿ. ನನ್ನನ್ನು ಕೇಳಿದರೆ ದಿನದ ಸಂಖ್ಯೆ ಬೇಡವೇ ಬೇಡ, ತಾರೀಖು ಸಾಕು. ಇನ್ನೊಬ್ಬರ ಜೊತೆ ಹೋಲಿಸುವ ಆಸೆ ಇದ್ದರೆ ಮಾತ್ರ ಇಬ್ಬರಿಗೂ ಒಂದೇ ನಿಯಮ ಹಿಡಿಯಿರಿ. ನಿಜಲಿಂಗಪ್ಪನವರ ಎರಡು ಹೊತ್ತಿನ ಆಡಳಿತವನ್ನು (1956 ನವೆಂಬರ್ 1ರಿಂದ 1958 ಮೇ 16, 1962 ಜೂನ್ 21ರಿಂದ 1968 ಮೇ 29) ಇದೇ ರೀತಿ ಎಣಿಸಿದರೆ 2732 ಬರುತ್ತದೆ. ಅರಸು 60 ದಿನ ಮುಂದೆ. ಹಾಗಾಗಿ ಈ ಇಬ್ಬರ ನಡುವೆ ಐದು ದಿನದ ಜಗಳಕ್ಕೆ ಅರ್ಥವೇ ಇಲ್ಲ.

ಕುರ್ಚಿ ಮುಗಿಯಿತು. ಪಕ್ಷದ ಹಾಳೆ ತೆಗೆಯಿರಿ. ತಾರೀಖಿಗಿಂತ ಇದೇ ಕಷ್ಟ.

ಅರಸು ಪರಿಚಯದಲ್ಲಿ ಪಕ್ಷದ ಹೆಸರು ಒಂದೊಂದು ಕಡೆ ಒಂದೊಂದು ಬರುವುದಕ್ಕೆ ಕಾರಣ, ಅವರು ಹಾರಿದ್ದು ಕಮ್ಮಿ, ಅವರ ಕಾಲ ಕೆಳಗಿನ ಪಕ್ಷವೇ ಒಡೆದದ್ದು ಜಾಸ್ತಿ. 1969ರ ನವೆಂಬರ್‌ನಲ್ಲಿ ಮೊದಲ ಒಡಕು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ನಿಜಲಿಂಗಪ್ಪನವರೇ, ರಾಜ್ಯದಲ್ಲಿ ಸರ್ಕಾರವೂ ಅವರ ಬಣದ ವೀರೇಂದ್ರ ಪಾಟೀಲರದು. ಆ ಬಣ ಸಂಸ್ಥಾ ಕಾಂಗ್ರೆಸ್ ಅನ್ನಿಸಿಕೊಂಡಿತು, ಕಾಂಗ್ರೆಸ್ (ಓ) ಅಂದರೆ ಅದೇ. ಅರಸು ಇಂದಿರಾ ಕಡೆ ನಿಂತರು. ಇಂದಿರಾ ಬಣಕ್ಕೆ ಪತ್ರಿಕೆಗಳು ಕಾಂಗ್ರೆಸ್ (ಆರ್) ಅಂದವು. ಮೊದಮೊದಲು ಆ "ಆರ್" ಅಂದರೆ ರಿಕ್ವಿಸಿಷನ್, ಸಭೆ ಕರೆಯಿರಿ ಅಂತ ಬೇಡಿಕೆ ಇಟ್ಟವರು, ಆಮೇಲೆ ಜನ ಅದನ್ನು ರೂಲಿಂಗ್, ಆಳುವ ಕಾಂಗ್ರೆಸ್ ಅಂತ ಓದಿಕೊಂಡರು. ಆದರೆ ಚುನಾವಣಾ ಆಯೋಗ 1971ರ ಜನವರಿಯಲ್ಲಿ ಈ ಬಣವೇ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಅಂತ ತೀರ್ಮಾನಿಸಿತು, ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಹೀಗಾಗಿ 1972ರ ವಿಧಾನಸಭಾ ಫಲಿತಾಂಶದ ವರದಿಯಲ್ಲಿ "ಆರ್" ಅನ್ನುವ ಅಕ್ಷರವೇ ಇಲ್ಲ. 216ರಲ್ಲಿ 165 ಸ್ಥಾನ ಗೆದ್ದ ಪಕ್ಷ ಅಲ್ಲಿ ಬರೀ ಐಎನ್‌ಸಿ.

ಈಗ ಬರುವುದು ನಿಜವಾದ ಗುಂಡಿ. 1978ರ ಜನವರಿ ಮೊದಲ ವಾರದಲ್ಲಿ ಕಾಂಗ್ರೆಸ್ ಮತ್ತೆ ಒಡೆಯಿತು. ಇಂದಿರಾ ಬಣ ಕಾಂಗ್ರೆಸ್ (ಐ) ಆಯಿತು. ಈ ಸಲ ಹಳೆಯ ಹೆಸರು ಉಳಿದದ್ದು ಎದುರು ಬಣಕ್ಕೆ, ಅಧ್ಯಕ್ಷ ಬ್ರಹ್ಮಾನಂದ ರೆಡ್ಡಿಯವರ ಹೆಸರಿನಿಂದ ಜನರ ಬಾಯಲ್ಲಿ ಅದು ರೆಡ್ಡಿ ಕಾಂಗ್ರೆಸ್. ಫೆಬ್ರವರಿಯ ವಿಧಾನಸಭಾ ಚುನಾವಣೆಯ ವರದಿ ತೆಗೆದು ನೋಡಿ. ಐಎನ್‌ಸಿ (ಐ) ಗೆದ್ದದ್ದು 149, ಜನತಾ 59, ಐಎನ್‌ಸಿ ಎರಡೇ ಎರಡು. ಅರಸು ಗೆದ್ದದ್ದು ಹುಣಸೂರಿನಿಂದ, ಐಎನ್‌ಸಿ (ಐ)ನಿಂದ. ಅಂದರೆ 1972ರ ವರದಿಯಲ್ಲಿ ಐಎನ್‌ಸಿ ಅಂದರೆ ಇಂದಿರಾ ಪಕ್ಷ, 1978ರ ವರದಿಯಲ್ಲಿ ಐಎನ್‌ಸಿ ಅಂದರೆ ಇಂದಿರಾ ವಿರೋಧಿ ಪಕ್ಷ. ಒಂದೇ ಮೂರಕ್ಷರ. ಎರಡು ವರದಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಕಾಂಗ್ರೆಸ್ 165ರಿಂದ 2ಕ್ಕೆ ಕುಸಿಯಿತು" ಅಂತ ಬರೆದರೆ ಓದುಗರು ನಗುತ್ತಾರೆ. ಅನುಮಾನ ಬಂದಾಗ ಚಿಹ್ನೆ ನೋಡುವುದು ಒಳ್ಳೆಯ ಉಪಾಯ. 1969ರ ತನಕ ಜೋಡೆತ್ತು, 1971ರಿಂದ ಇಂದಿರಾ ಬಣಕ್ಕೆ ಹಸು ಕರು, 1978ರ ಫೆಬ್ರವರಿಯಿಂದ ಹಸ್ತ. ಹಳೆಯ ಪ್ರಚಾರ ಚೀಟಿಯೋ ಫೋಟೋನೋ ಸಿಕ್ಕರೆ ಇದರಿಂದಲೇ ಕಾಲ ಗುರುತಿಸಬಹುದು.

ಮೂರನೇ ಒಡಕು ಅರಸು ಅವರ ಸ್ವಂತದ್ದು, 1979ರ ಜೂನ್‌ನಲ್ಲಿ. ಮುಖ್ಯಮಂತ್ರಿ ಮತ್ತು ಪ್ರದೇಶ ಕಾಂಗ್ರೆಸ್ ಅಧ್ಯಕ್ಷ, ಎರಡೂ ಒಬ್ಬರ ಕೈಯಲ್ಲೇ ಇದ್ದದ್ದು ಜಗಳದ ವಿಷಯಗಳಲ್ಲಿ ಒಂದು. ಇಂದಿರಾ ಗಾಂಧಿ ಅರಸು ಅವರನ್ನು ಪಕ್ಷದಿಂದ ಹೊರಹಾಕಿದರು. ಕೆಲ ತಿಂಗಳ ಹಿಂದಷ್ಟೇ, 1978ರ ನವೆಂಬರ್‌ನಲ್ಲಿ, ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾರನ್ನು ಗೆಲ್ಲಿಸಿ ಕಳಿಸಿದ್ದು ಇದೇ ಅರಸು. ಇರಲಿ, ಅದು ಬೇರೆ ಕತೆ. ಹೊರಬಂದ ಅರಸು ಎದುರು ಕಾಂಗ್ರೆಸ್ ಸೇರಿ ಅದರ ಅಧ್ಯಕ್ಷರಾದರು. ಪಕ್ಷಕ್ಕೆ ಅವರ ಹೆಸರೇ ಅಂಟಿತು, ಇಂಗ್ಲಿಷಿನಲ್ಲಿ Urs ಅಂತ ಬರೆಯುವುದರಿಂದ ಕಾಂಗ್ರೆಸ್ (ಯು), ನಮ್ಮವರ ಬಾಯಲ್ಲಿ ಅರಸು ಕಾಂಗ್ರೆಸ್. ಅದಕ್ಕೆ ಮುಂಚೆ ಸ್ವರಣ್ ಸಿಂಗ್ ಅಧ್ಯಕ್ಷರಿದ್ದಾಗ ಅದೇ ಪಕ್ಷವನ್ನು ಕಾಂಗ್ರೆಸ್ (ಎಸ್) ಅನ್ನುತ್ತಿದ್ದರು. 1981ರಲ್ಲಿ ಶರದ್ ಪವಾರ್ ಅಧ್ಯಕ್ಷರಾದಾಗ ಅದು ಮತ್ತೆ ಕಾಂಗ್ರೆಸ್ (ಎಸ್) ಆಯಿತು, ಈ ಸಲ "ಎಸ್" ಅಂದರೆ ಸಮಾಜವಾದಿ. ನಿಮ್ಮ ಟಿಪ್ಪಣಿಯಲ್ಲಿ ಬರೀ "ಎಸ್" ಅಂತ ಇದ್ದರೆ ಇಸವಿ ನೋಡದೆ ಬಿಡಿಸಬೇಡಿ.

ಪಕ್ಷ ಬಿಡುವ ತಾರೀಖು ಬರೆಯುವಾಗ ಕ್ರಿಯಾಪದಕ್ಕೆ ಬೆಲೆ ಕೊಡಿ. ನೋಟಿಸ್ ಕೊಟ್ಟದ್ದು, ಅಮಾನತು ಮಾಡಿದ್ದು, ಉಚ್ಚಾಟಿಸಿದ್ದು, ತಾನೇ ರಾಜೀನಾಮೆ ಕೊಟ್ಟದ್ದು, ಇನ್ನೊಂದು ಪಕ್ಷದ ಜೊತೆ ವಿಲೀನವಾದದ್ದು, ಇವು ಬೇರೆ ಬೇರೆ ದಿನ ನಡೆಯುತ್ತವೆ. "1979ರಲ್ಲಿ ಪಕ್ಷ ತೊರೆದರು" ಅಂತ ಬರೆದರೆ ತಾವಾಗಿ ಹೋದರು ಅಂತ ಆಗುತ್ತದೆ. ಪಕ್ಷಗಳ ಒಳಗಿನ ಕಾಗದ ನಿಮಗೆ ಸಿಗುವುದು ಅಪರೂಪ, ಆದ್ದರಿಂದ ಆ ವಾರದ ಎರಡು ಪತ್ರಿಕೆಗಳನ್ನು ಓದಿ. ಒಂದು ಪರವಾಗಿದ್ದು ಇನ್ನೊಂದು ವಿರುದ್ಧವಾಗಿದ್ದರೆ ಇನ್ನೂ ಒಳ್ಳೆಯದು. ಎರಡೂ ಒಂದೇ ಪದ ಬಳಸಿದ್ದರೆ ನೀವೂ ಅದನ್ನೇ ಬಳಸಿ.

ಒಂದು ವಿಷಯ ಗಮನಿಸಿದಿರಾ? ಪಕ್ಷದಿಂದ ಹೊರಹಾಕಿದ ಮೇಲೂ ಅರಸು ಆರು ತಿಂಗಳ ಮೇಲೆ ಮುಖ್ಯಮಂತ್ರಿಯಾಗಿಯೇ ಇದ್ದರು, ಶಾಸಕ ಸ್ಥಾನವೂ ಹೋಗಲಿಲ್ಲ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ. ಅದಕ್ಕೆ ಮುಂಚೆ ಯಾವ ಪಕ್ಷಕ್ಕೆ ಹೋದರೂ ಸ್ಥಾನಕ್ಕೆ ಏನೂ ಆಗುತ್ತಿರಲಿಲ್ಲ. ಇವತ್ತಿನ ಕಾನೂನು ತಲೆಯಲ್ಲಿಟ್ಟುಕೊಂಡು "ಪಕ್ಷ ಬದಲಿಸಿದರು, ಅಂದಮೇಲೆ ಉಪಚುನಾವಣೆ ಆಗಿರಬೇಕು" ಅಂತ ಹುಡುಕಲು ಹೊರಟರೆ ಇಲ್ಲದ ಚುನಾವಣೆಯನ್ನು ಹುಡುಕಿದಂತೆ. ಎರಡನೇ ಅವಧಿಯ ಪಕ್ಷದ ಕಾಲಂನಲ್ಲಿ ಒಂದೇ ಹೆಸರು ಹಾಕಿದರೆ ಅದು ಅರ್ಧ ಸತ್ಯ. ಗೆದ್ದದ್ದು (ಐ)ನಿಂದ, ಮುಗಿಸಿದ್ದು (ಯು)ನಲ್ಲಿ.

ಆರನೇ ವಿಧಾನಸಭೆಯ ಸದಸ್ಯರ ಪಟ್ಟಿಗಳಲ್ಲಿ ಪಕ್ಷ ಐಎನ್‌ಸಿ (ಐ) ಅಂತ ಕಂಡರೆ ಅದು ಗೆದ್ದ ದಿನದ ಪಕ್ಷ. 1979ರಲ್ಲಿ ಅರಸು ಹಿಂದೆ ಹೋದವರು, 1980ರ ಫಲಿತಾಂಶ ಬಂದ ಮೇಲೆ ವಾಪಸ್ ಓಡಿಬಂದವರು, ಯಾರೂ ಅದರಲ್ಲಿ ಕಾಣುವುದಿಲ್ಲ. ಸದನದಲ್ಲಿ ಯಾರು ಎಲ್ಲಿ ಕೂತರು ಅನ್ನುವುದಕ್ಕೆ ವಿಧಾನಸಭೆಯ ನಡವಳಿಗಳನ್ನೇ ನೋಡಬೇಕು. ಆ ವಿಧಾನಸಭೆ ಅರಸು ರಾಜೀನಾಮೆಯಿಂದ ವಿಸರ್ಜನೆ ಆಗಲಿಲ್ಲ, ಗುಂಡೂರಾವ್ ಅದೇ ಸದನದ ಬಲದ ಮೇಲೆ ಮುಖ್ಯಮಂತ್ರಿಯಾದರು.

ಸ್ಥಾನದ ಹಾಳೆಗೆ ಬರುವಾಗ 1972 ಮತ್ತೆ ಕೈಕೊಡುತ್ತದೆ. ಆ ಸಾರ್ವತ್ರಿಕ ಚುನಾವಣೆಯಲ್ಲಿ ಅರಸು ಸ್ಪರ್ಧಿಸಿರಲೇ ಇಲ್ಲ. ಗೆದ್ದವರ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಗಾಬರಿ ಬೇಡ. 164ನೇ ವಿಧಿ ಪ್ರಕಾರ ಯಾವ ಸದನದಲ್ಲೂ ಇಲ್ಲದವರು ಮಂತ್ರಿಯಾಗಬಹುದು, ಆರು ತಿಂಗಳ ಒಳಗೆ ಸದಸ್ಯರಾಗಬೇಕು ಅಷ್ಟೇ. ಹೀಗೆ ಬಂದವರ ಪ್ರವೇಶ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಇರುವುದಿಲ್ಲ, ಉಪಚುನಾವಣೆಯ ಕಡತದಲ್ಲೋ ವಿಧಾನ ಪರಿಷತ್ತಿನ ಪಟ್ಟಿಯಲ್ಲೋ ಇರುತ್ತದೆ. ಆದ್ದರಿಂದ "ಮುಖ್ಯಮಂತ್ರಿ 1972ರಿಂದ" ಮತ್ತು "ಶಾಸಕ 1972ರಿಂದ" ಎರಡಕ್ಕೂ ಒಂದೇ ತಾರೀಖು ಹಾಕಬೇಡಿ. ಹಿಂದಕ್ಕೆ ಹೋದರೆ 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಅರಸು ಶಾಸಕರು. ಅದಕ್ಕೂ ಮುಂಚೆ 1941ರಲ್ಲಿ ಗೆದ್ದದ್ದು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ. "1941ರಿಂದ ಶಾಸಕ" ಅಂತ ಬರೆದ ಲೇಖನಗಳಿವೆ. ಆ ಸಭೆ ಮಹಾರಾಜರ ಕಾಲದ ಸಲಹಾ ಸಭೆ, ಅದನ್ನು ವಿಧಾನಸಭೆ ಅನ್ನಲಾಗದು. ಅದರ ಹೆಸರನ್ನೇ ಬರೆಯಿರಿ.

ಮಂತ್ರಿ ಹುದ್ದೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾತೆ ಹಂಚಿದ ಆದೇಶಕ್ಕೆ ಪ್ರಮಾಣವಚನದ ದಿನಕ್ಕಿಂತ ಬೇರೆ ತಾರೀಖು ಇರಬಹುದು, ನಡುವೆ ಖಾತೆ ಬದಲಾಗಿಯೂ ಇರಬಹುದು. ಪರಿಚಯದಲ್ಲಿ ಕಂಡ ಖಾತೆಗಳನ್ನೆಲ್ಲ ಇಡೀ ಅವಧಿಗೆ ಹಚ್ಚಬೇಡಿ. ಉಪಮಂತ್ರಿ, ರಾಜ್ಯಮಂತ್ರಿ, ಸಂಪುಟ ದರ್ಜೆ ಮಂತ್ರಿ ಮೂರೂ ಬೇರೆ. ಹಳೆಯ ಪತ್ರಿಕೆಗಳು ಮೂವರನ್ನೂ "ಸಚಿವರು" ಅಂತ ಕರೆದುಬಿಡುತ್ತವೆ, ದರ್ಜೆಗೆ ಗೆಜೆಟ್ಟನ್ನೇ ನಂಬಿ.

ಹಾಗಾದರೆ ಬರೆಯುವುದೇನು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಮುಖ್ಯಮಂತ್ರಿ: 1972 ಮಾರ್ಚ್ 20ರಿಂದ 1977 ಡಿಸೆಂಬರ್ 31 (ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ), 1978 ಫೆಬ್ರವರಿ 28ರಿಂದ 1980 ಜನವರಿ 7 (ರಾಜೀನಾಮೆ, ಮುಂದಿನ ಮುಖ್ಯಮಂತ್ರಿ ಪ್ರಮಾಣವಚನ ಜನವರಿ 12). ಪಕ್ಷ: ಕಾಂಗ್ರೆಸ್, 1969ರ ಒಡಕಿನ ನಂತರ ಇಂದಿರಾ ಬಣ, 1978 ಜನವರಿಯಿಂದ ಕಾಂಗ್ರೆಸ್ (ಐ), 1979 ಜೂನ್‌ನಲ್ಲಿ ಉಚ್ಚಾಟನೆ, ನಂತರ ಕಾಂಗ್ರೆಸ್ (ಯು) ಅಧ್ಯಕ್ಷ." ಪಕ್ಷದ ಸಾಲನ್ನು ಅವಧಿಯ ಸಾಲಿಗೆ ಅಂಟಿಸದೆ ಬೇರೆಯೇ ಇಟ್ಟದ್ದನ್ನು ನೋಡಿ. ಎರಡು ತಾರೀಖೂ ಕೊಟ್ಟದ್ದರಿಂದ ಯಾವ ಪಟ್ಟಿ ಹಿಡಿದು ಬಂದ ಓದುಗರೂ ನಿಮ್ಮ ಮೇಲೆ ತಪ್ಪು ಹೊರಿಸಲಾರರು.

ಕೊನೆಯ ಸಾಲಿನಲ್ಲಿ ಕರ್ನಾಟಕ ಕ್ರಾಂತಿರಂಗ ಸೇರಿಸುವಾಗ ಸ್ವಲ್ಪ ನಿಧಾನಿಸಿ. ಅದನ್ನು ಕಟ್ಟಿದ್ದು ಅರಸು, ಕಟ್ಟಿದ್ದು ಬದುಕಿನ ಕೊನೆಗಾಲದಲ್ಲಿ. 1982ರ ಜೂನ್ 6ಕ್ಕೆ ಅವರು ತೀರಿಕೊಂಡರು, ಆ ಪಕ್ಷ ಜನತಾ ಜೊತೆ ಸೇರಿ ಎದುರಿಸಿದ ವಿಧಾನಸಭಾ ಚುನಾವಣೆ ನಡೆದದ್ದು 1983ರ ಜನವರಿಯಲ್ಲಿ. ಆದ್ದರಿಂದ ಕ್ರಾಂತಿರಂಗ ನಿಮ್ಮ ಪಕ್ಷದ ಹಾಳೆಯಲ್ಲಿ ಮಾತ್ರ ಬರಬೇಕು. ಅದರ ಪಕ್ಕದಲ್ಲಿ 1983 ಅಂತ ಯಾರಾದರೂ ಅರಸು ಹೆಸರಿಗೆ ಹಚ್ಚಿದ್ದರೆ, ಆ ಪಟ್ಟಿಯ ಉಳಿದ ಸಾಲುಗಳನ್ನೂ ಇನ್ನೊಮ್ಮೆ ಮೊದಲಿಂದ ನೋಡಿ.